ಅಡುಗೆಮನೆಯ ಒಲೆಯೂ ವೈ-ಫೈ ಅಲೆಯೂ

ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನ ಅಣ್ಣನವರ ಮನೆಯಿದೆ. ಅವರ ಸೊಸೆ ಬೆಂಗಳೂರಿನ ಒಂದು ಕಂಪನಿಯ ಉದ್ಯೋಗಿ. ಮೊದಲು ಆಕೆ ನಸುಕಿನಲ್ಲೆದ್ದು ಮಾರಿಕುಪ್ಪಂ ಕಡೆಯ ರೈಲನ್ನು ಹಿಡಿದು, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿಬರುತ್ತಿದ್ದರು. ಪ್ರಯಾಣಕ್ಕೇ ದಿನದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಮಗು ಹುಟ್ಟಿದ ಮೇಲೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ದೊರೆತು, ಮನೆಯವರೆಲ್ಲ ನೆಮ್ಮದಿಯ ಉಸಿರು ಬಿಟ್ಟಿದ್ದರು.

ಆದರೆ ಆ ನೆಮ್ಮದಿ ಹೆಚ್ಚು ದಿನ ನಿಲ್ಲಲಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆಯ ಸಭೆಯಲ್ಲಿ ಆಕೆ ಮಾತನಾಡುತ್ತಿರುವಾಗಲೇ ಧ್ವನಿ ತುಂಡು ತುಂಡಾಗುವುದು, ಚಿತ್ರ ಕಲ್ಲಿನಂತೆ ನಿಂತುಬಿಡುವುದು, ಎರಡು ನಿಮಿಷಗಳಲ್ಲಿ ಎಲ್ಲವೂ ತಾನಾಗಿಯೇ ಸರಿಹೋಗುವುದು, ಹೀಗೆ ವಾರಕ್ಕೆ ಮೂರು ನಾಲ್ಕು ಬಾರಿ ಆಗತೊಡಗಿತು. ಸಂಪರ್ಕ ಒದಗಿಸುವವರ ಕಡೆಯವರು ಎರಡು ಸಲ ಬಂದು ತಂತಿಯನ್ನು ಪರೀಕ್ಷಿಸಿ, ತಮ್ಮ ಕಡೆಯಿಂದ ಲೋಪವಿಲ್ಲವೆಂದು ಹೇಳಿ ಹೋದರು. ಮೇಲಧಿಕಾರಿಗಳು, ಹೀಗೆಯೇ ಆದರೆ ಕಚೇರಿಗೆ ಬರಬೇಕಾದೀತು ಎಂದು ಸೂಚಿಸಿದರು. ನಾನು ಆ ಮನೆಗೆ ಹೋದದ್ದು ಇಂಥ ಸಂದರ್ಭದಲ್ಲಿ. ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನಾದ್ದರಿಂದ, “ಮಾವ, ಇದೇನೆಂದು ಒಮ್ಮೆ ನೋಡಿ” ಎಂದು ಸೊಸೆ ಕೇಳಿಕೊಂಡರು.

ಮರುದಿನ ಬೆಳಿಗ್ಗೆ ನಾನು ಊಟದ ಮೇಜಿನ ಬಳಿ ಸುಮ್ಮನೆ ಕುಳಿತಿದ್ದೆ. ಒಳಗಿನ ಕೋಣೆಯಲ್ಲಿ ಸಭೆ ಆರಂಭವಾಯಿತು. ಸ್ವಲ್ಪ ಹೊತ್ತಿಗೆ ಅತ್ತಿಗೆಯವರು ಮಗುವಿನ ಹಾಲನ್ನು ಮೈಕ್ರೋವೇವ್ ಒಲೆಯಲ್ಲಿಟ್ಟು ಗುಂಡಿ ಒತ್ತಿದರು. ಕೂಡಲೇ ಒಳಗಿನಿಂದ “ಹಲೋ, ಕೇಳಿಸುತ್ತಿದೆಯೇ?” ಎಂಬ ಕಳವಳದ ಧ್ವನಿ ಬಂದಿತು. ಒಲೆ ಟಣ್ ಎಂದು ನಿಂತಿತು. ಒಳಗಿನ ಸಂಭಾಷಣೆ ಮತ್ತೆ ಸರಾಗವಾಯಿತು. ಕಾರಣ ಅಲ್ಲಿಯೇ, ನನ್ನ ಕಣ್ಣೆದುರಿಗೇ ಇತ್ತು. ಹೊರಗಿನ ತಂತಿ ಹಿತ್ತಲ ಗೋಡೆಯ ಮೂಲಕ ಬಂದುದರಿಂದ ವೈ-ಫೈ ರೂಟರನ್ನು ಅಡುಗೆಮನೆಯ ಕಪಾಟಿನ ಮೇಲೆ ಇರಿಸಿದ್ದರು. ಒಲೆಯಿಂದ ಅದಕ್ಕೆ ಎರಡು ಅಡಿಯ ಅಂತರವೂ ಇರಲಿಲ್ಲ.

ಒಂದೇ ಬೀದಿಯಲ್ಲಿ ಇಬ್ಬರು

ಒಲೆಗೂ ವೈ-ಫೈಗೂ ಏನು ಸಂಬಂಧವೆಂದು ಓದುಗರಿಗೆ ಆಶ್ಚರ್ಯವಾಗಬಹುದು. ಎರಡೂ ಕೆಲಸ ಮಾಡುವುದು ರೇಡಿಯೋ ತರಂಗಗಳಿಂದಲೇ. ತರಂಗವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆ ಎಂಬುದನ್ನು ಅದರ ಆವೃತ್ತಿ ಎನ್ನುತ್ತೇವೆ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ, ಸಂದೇಶ ಕಳುಹಿಸಲಿಕ್ಕಲ್ಲದೆ ಕೇವಲ ಬಿಸಿ ಮಾಡುವುದೇ ಮೊದಲಾದ ಕೆಲಸಗಳಿಗೆಂದು 2450 ಮೆಗಾಹರ್ಟ್ಸ್‌ ಸುತ್ತಣ ಆವೃತ್ತಿಗಳನ್ನು ಮೀಸಲಿಡಲಾಯಿತು. ಮನೆಯ ಮೈಕ್ರೋವೇವ್ ಒಲೆಗಳು ಬಳಸುವುದು ಇದನ್ನೇ. ನೀರಿನ ಕಣಗಳು ಈ ಆವೃತ್ತಿಯಲ್ಲಿ ಮಾತ್ರ ವಿಶೇಷವಾಗಿ ಸ್ಪಂದಿಸುತ್ತವೆಂದು ಹಲವರು ಬರೆಯುವುದುಂಟು, ಅದು ಸರಿಯಲ್ಲ. ಆರಿಸಿಕೊಂಡದ್ದು ಹಂಚಿಕೆಯ ಅನುಕೂಲಕ್ಕಾಗಿ.

ಹೀಗೆ ಒಲೆಗಳ ಗದ್ದಲಕ್ಕೆ ಬಿಟ್ಟುಕೊಟ್ಟ ಬೀದಿಯನ್ನು ಬೇರೆ ಯಾರೂ ದುಡ್ಡು ಕೊಟ್ಟು ಕೊಳ್ಳಲು ಬಯಸಲಿಲ್ಲ. ಆದ್ದರಿಂದ ಮುಂದೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಅದನ್ನು ಪರವಾನಗಿಯಿಲ್ಲದೆ ತೆರೆದಿಟ್ಟರು. ನಮ್ಮ ದೇಶದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಈ ವಿನಾಯಿತಿ ದೊರೆತದ್ದು 2005ರಲ್ಲಿ. ಹಳೆಯ ವೈ-ಫೈ ಪಟ್ಟಿ ಎಂದು ಕರೆಯುವುದು ಇದನ್ನೇ. ಕಾರ್ಡ್‌ಲೆಸ್ ದೂರವಾಣಿ, ಬ್ಲೂಟೂತ್, ತಂತಿರಹಿತ ಕ್ಯಾಮೆರಾ, ಗಣಕಯಂತ್ರದ ತಂತಿಯಿಲ್ಲದ ಮೌಸ್ ಮೊದಲಾದವುಗಳೂ ಇಲ್ಲಿಯೇ ಓಡಾಡುತ್ತವೆ. ಈ ವಿನಾಯಿತಿಗೆ ಒಂದು ಷರತ್ತಿದೆ: ಇಲ್ಲಿ ಯಾರಿಗೂ ರಕ್ಷಣೆಯಿಲ್ಲ. ಪಕ್ಕದವರ ಯಂತ್ರದಿಂದ ಅಡಚಣೆಯಾಯಿತೆಂದು ದೂರು ಕೊಟ್ಟರೆ ನಡೆಯುವುದಿಲ್ಲ. ನಮ್ಮ ದಾರಿಯನ್ನು ನಾವೇ ನೋಡಿಕೊಳ್ಳಬೇಕು.

ಸೋರಿಕೆ ಅಲ್ಪ, ಸಂಕೇತ ಅದಕ್ಕಿಂತ ಅಲ್ಪ

ಒಲೆಯ ಒಳಗೆ ತರಂಗಗಳ ಶಕ್ತಿ ಸುಮಾರು 700ರಿಂದ 1000 ವ್ಯಾಟ್. ಲೋಹದ ಪೆಟ್ಟಿಗೆ, ಬಾಗಿಲಿನ ಗಾಜಿನ ಹಿಂದಿನ ಲೋಹದ ಜಾಲರಿ, ಇವು ಅದನ್ನು ಒಳಗೇ ತಡೆದಿಡುತ್ತವೆ. ಆದರೂ ಬಾಗಿಲಿನ ಸಂದುಗಳಿಂದ ಅತ್ಯಲ್ಪ ಪ್ರಮಾಣ ಹೊರಬರುತ್ತದೆ. ಬಾಗಿಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿರುವ ಮಿತಿ. ಈ ಮಿತಿಯೊಳಗಿನ ಸೋರಿಕೆಯಿಂದ ದೇಹಕ್ಕೆ ಭಯವಿಲ್ಲ. ದೂರ ಸರಿದಂತೆಲ್ಲ ಅದು ಬೇಗನೆ ಕ್ಷೀಣಿಸುತ್ತದೆ. ವೈ-ಫೈಗೆ ತೊಂದರೆಯಾಯಿತೆಂದ ಮಾತ್ರಕ್ಕೆ ಒಲೆ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಕೂರದಿದ್ದರೆ ಮಾತ್ರ ಅದನ್ನು ಬಳಸಬಾರದು.

ಹಾಗಾದರೆ ಅಡಚಣೆಯೇಕೆ? ರೂಟರು ಹೊರಡಿಸುವ ಶಕ್ತಿ ಸುಮಾರು ಒಂದು ವ್ಯಾಟಿನ ಹತ್ತನೆಯ ಒಂದು ಭಾಗ. ಎರಡು ಗೋಡೆಗಳನ್ನು ದಾಟಿ ಗಣಕಯಂತ್ರವನ್ನು ಮುಟ್ಟುವ ವೇಳೆಗೆ ಅದು ಒಂದು ಮಿಲಿವ್ಯಾಟಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೂ ಇಳಿದಿರುತ್ತದೆ. ಗಣಕಯಂತ್ರದ ಉತ್ತರವೂ ರೂಟರಿಗೆ ಅಷ್ಟೇ ಕ್ಷೀಣವಾಗಿ ತಲುಪುತ್ತದೆ. ಆ ಪಿಸುಮಾತನ್ನು ಆಲಿಸುವ ಕಿವಿಯ ಪಕ್ಕದಲ್ಲಿಯೇ ಒಲೆಯ ಸೋರಿಕೆ ತಮಟೆಯಂತೆ ಬಡಿದರೆ ಏನು ಕೇಳಿಸೀತು?

ಇದನ್ನು ಗಣಿಯ ನಾಡಿನವರಿಗೆ ಬೇರೆ ವಿಧದಿಂದಲೂ ಹೇಳಬಹುದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೊಡನೆ ಸೇರಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತನ್ನು ಕಂಡರು. ಅವರು ಅಷ್ಟು ಆಳಕ್ಕೆ ಇಳಿದದ್ದೇಕೆ? ನೆಲದ ಮೇಲೆ ಸುರಿಯುವ ಇತರ ವಿಶ್ವಕಿರಣಗಳ ಗದ್ದಲದಲ್ಲಿ ಆ ಅಪರೂಪದ ಗುರುತು ಮುಚ್ಚಿಹೋಗುತ್ತಿತ್ತು. ಮೇಲಿನ ಬಂಡೆ ಗದ್ದಲವನ್ನು ತಡೆಯುತ್ತಿತ್ತು. ಅವರು ಸಂಕೇತವನ್ನು ಜೋರು ಮಾಡಲಿಲ್ಲ, ಗದ್ದಲದಿಂದ ದೂರ ಸರಿದರು. ನಮ್ಮ ಮನೆಯ ಪರಿಹಾರವೂ ಇದೇ ಬಗೆಯದು.

ತೆರೆದು ಮುಚ್ಚುವ ಗೇಟು

ಒಲೆಯ ಗದ್ದಲಕ್ಕೆ ಒಂದು ತಾಳವಿದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲಿ ಇಪ್ಪತ್ತು ಭಾಗ. ಸಾಧಾರಣ ಒಲೆಗಳಲ್ಲಿ ತರಂಗ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಕೊಳವೆ ಪ್ರತಿ ಆವರ್ತದ ಸುಮಾರು ಅರ್ಧ ಭಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೀಗಾಗಿ ಸುಮಾರು 10 ಮಿಲಿಸೆಕೆಂಡ್ ಗದ್ದಲ, 10 ಮಿಲಿಸೆಕೆಂಡ್ ಮೌನ. ಬಂಗಾರಪೇಟೆಯ ಕಡೆಯ ರೈಲ್ವೆ ಗೇಟು ಕ್ಷಣಕ್ಷಣಕ್ಕೂ ತೆರೆದು ಮುಚ್ಚುತ್ತಿದೆಯೆಂದು ಊಹಿಸಿಕೊಳ್ಳಿ.

ವೈ-ಫೈ ಸಭ್ಯವಾದ ಪದ್ಧತಿ. ಮಾತನಾಡುವ ಮೊದಲು ಬೇರೆಯವರು ಮಾತನಾಡುತ್ತಿರುವರೇ ಎಂದು ಆಲಿಸುತ್ತದೆ. ತಾನು ಹೇಳಿದ್ದಕ್ಕೆ ರಸೀದಿ ಬಾರದಿದ್ದರೆ ಮತ್ತೆ ಹೇಳುತ್ತದೆ. ಹಲವು ಬಾರಿ ರಸೀದಿ ಬಾರದಿದ್ದಾಗ, ಕೇಳುವವರು ದೂರದಲ್ಲಿರಬೇಕೆಂದು ತಿಳಿದು ನಿಧಾನವಾಗಿ ಬಿಡಿಸಿ ಹೇಳತೊಡಗುತ್ತದೆ. ಎಡವುವುದು ಇಲ್ಲಿಯೇ. 1500 ಬೈಟುಗಳ ಒಂದು ಕಂತೆಯನ್ನು ವೇಗವಾಗಿ ಕಳುಹಿಸಿದರೆ ಅದು ಒಂದು ಮಿಲಿಸೆಕೆಂಡಿನೊಳಗೇ ಗೇಟು ದಾಟುತ್ತದೆ. ಅತ್ಯಂತ ಹಳೆಯ, ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳ ವೇಗಕ್ಕೆ ಇಳಿದರೆ ಅದೇ ಕಂತೆಗೆ 12 ಮಿಲಿಸೆಕೆಂಡ್ ಬೇಕು. ಗೇಟು ತೆರೆದಿರುವುದೇ 10 ಮಿಲಿಸೆಕೆಂಡ್! ಉದ್ದನೆಯ ಲಾರಿ ದಾಟುವ ಮೊದಲೇ ಗೇಟು ಬೀಳುತ್ತದೆ. ರೂಟರಿಗೆ ಸಮೀಪದಲ್ಲಿ ಕುಳಿತವರಿಗೆ ತೊಂದರೆ ಕಡಿಮೆ, ದೂರದ ಕೋಣೆಯವರಿಗೆ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣ.

ಇನ್ವರ್ಟರ್ ಮಾದರಿಯ ಹೊಸ ಒಲೆಗಳಲ್ಲಿ ಈ ಮೌನದ ಬಿಡುವು ಇಷ್ಟು ಸ್ಪಷ್ಟವಾಗಿರುವುದಿಲ್ಲ. ಸಾಧಾರಣ ಒಲೆಯನ್ನು ಕಡಿಮೆ ಶಾಖಕ್ಕೆ ಇಟ್ಟಾಗಲಾದರೋ ಮ್ಯಾಗ್ನೆಟ್ರಾನ್ ಕೆಲವು ಸೆಕೆಂಡು ನಡೆದು, ಕೆಲವು ಸೆಕೆಂಡು ನಿಲ್ಲುತ್ತದೆ. ಆಗ ವೈ-ಫೈ ಕೂಡ ಬಿಟ್ಟು ಬಿಟ್ಟು ಕೈಕೊಡುವುದರಿಂದ, ಒಲೆಯೇ ಕಾರಣವೆಂದು ಹೊಳೆಯುವುದು ಕಷ್ಟ.

ಕಾಲವೇ ಸಾಕ್ಷಿ

ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿರುವ 64 ಮೀಟರ್ ಅಗಲದ ರೇಡಿಯೋ ದೂರದರ್ಶಕವು ಹಲವು ವರ್ಷ ವಿಚಿತ್ರ ಸಂಕೇತಗಳನ್ನು ಹಿಡಿಯುತ್ತಿತ್ತು. ಅವು ಜನರು ಕೆಲಸ ಮಾಡುವ ಹಗಲಿನ ವೇಳೆಯಲ್ಲಿಯೇ ಹೆಚ್ಚಾಗಿ ಬರುತ್ತಿದ್ದುದು ವಿಜ್ಞಾನಿಗಳ ಸಂಶಯಕ್ಕೆ ಎಡೆಮಾಡಿತು. 2015ರಲ್ಲಿ ಮೂಲ ಪತ್ತೆಯಾಯಿತು: ಅಲ್ಲಿನ ಸಿಬ್ಬಂದಿ ಮೈಕ್ರೋವೇವ್ ಒಲೆ ತಾನಾಗಿ ನಿಲ್ಲುವ ಮೊದಲೇ ಬಾಗಿಲು ಎಳೆದು ತೆರೆಯುತ್ತಿದ್ದರು; ಮ್ಯಾಗ್ನೆಟ್ರಾನ್ ಆರುವ ಆ ಕ್ಷಣದ ತರಂಗ ಹೊರಬೀಳುತ್ತಿತ್ತು. ಯಂತ್ರದ ತಪ್ಪನ್ನು ಹಿಡಿದುಕೊಟ್ಟದ್ದು ಗಡಿಯಾರ.

ನಾವೂ ಅದೇ ಮಾರ್ಗ ಹಿಡಿದೆವು. ಸೊಸೆಯ ಗಣಕಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯಿಸಿದೆ:

```
ping -n 60 192.168.1.1
```

ಕೊನೆಯ ಅಂಕಿಗಳು ರೂಟರಿನ ವಿಳಾಸ. ಕೆಲವು ಮನೆಗಳಲ್ಲಿ ಅದು 192.168.0.1 ಆಗಿರಬಹುದು. ರೂಟರಿನ ತಳದ ಚೀಟಿಯಲ್ಲಿ ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಈ ಆಜ್ಞೆಯು ರೂಟರನ್ನು ಅರವತ್ತು ಬಾರಿ ಕರೆದು ಉತ್ತರಗಳನ್ನು ಲೆಕ್ಕವಿಡುತ್ತದೆ. ಕರೆ ಮನೆಯಿಂದ ಹೊರಗೆ ಹೋಗುವುದೇ ಇಲ್ಲವೆಂಬುದು ಮುಖ್ಯ. ಇಲ್ಲಿ ಉತ್ತರ ತಪ್ಪಿದರೆ ದೋಷ ಮನೆಯೊಳಗಿನದು. ಇಲ್ಲಿ ಎಲ್ಲವೂ ಸರಿಯಿದ್ದು ಅಂತರ್ಜಾಲ ಮಾತ್ರ ನಿಂತರೆ ದೋಷ ಹೊರಗಿನ ತಂತಿಯದು.

ಮೊದಲು ಒಲೆ ಆರಿರುವಾಗ ಪರೀಕ್ಷಿಸಿದೆವು. ಅರವತ್ತಕ್ಕೆ ಅರವತ್ತೂ ಉತ್ತರಗಳು ಬಂದವು, ಪ್ರತಿಯೊಂದಕ್ಕೂ ಮೂರು ನಾಲ್ಕು ಮಿಲಿಸೆಕೆಂಡು. ಅನಂತರ ಒಂದು ಗಾಜಿನ ಬಟ್ಟಲಲ್ಲಿ ನೀರಿಟ್ಟು, ಪೂರ್ಣ ಶಾಖದಲ್ಲಿ ಎರಡು ನಿಮಿಷ ಒಲೆ ನಡೆಸಿದೆವು. (ಬರಿದಾದ ಒಲೆಯನ್ನು ಎಂದೂ ನಡೆಸಬಾರದು, ಹೀರಿಕೊಳ್ಳುವ ಪದಾರ್ಥವಿಲ್ಲದೆ ಮ್ಯಾಗ್ನೆಟ್ರಾನೇ ಹಾಳಾಗಬಹುದು.) ತೆರೆಯ ಮೇಲೆ `Request timed out.` ಎಂಬ ಸಾಲುಗಳು ಬೀಳತೊಡಗಿದವು. ಕೊನೆಯ ಲೆಕ್ಕ ಹೀಗಿತ್ತು:

```
Packets: Sent = 60, Received = 48, Lost = 12 (20% loss)
```

ಬಂದ ಉತ್ತರಗಳಲ್ಲಿಯೂ ಹಲವು ಅರ್ಧ ಸೆಕೆಂಡು ತಡವಾಗಿದ್ದವು. ಒಲೆ ನಿಂತಮೇಲೆ ಮೂರನೆಯ ಬಾರಿ ಪರೀಕ್ಷಿಸಿದಾಗ ಮತ್ತೆ ಅರವತ್ತಕ್ಕೆ ಅರವತ್ತು. ಈ ಮೂರನೆಯ ಪರೀಕ್ಷೆಯನ್ನು ಬಿಡಬಾರದು. ಒಲೆಯೊಡನೆ ಬಂದು ಒಲೆಯೊಡನೆ ಹೋಗುವ ತೊಂದರೆ ಮಾತ್ರ ಒಲೆಯದು.

ಪರಿಹಾರ: ಒಂದೊಂದಾಗಿ

ಮೊದಲ ಉಪಾಯ ಚಾನೆಲ್ ಬದಲಾವಣೆ. ಹಳೆಯ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಇವುಗಳ ನಡುಬಿಂದುಗಳು ಕ್ರಮವಾಗಿ 2412, 2437 ಮತ್ತು 2462 ಮೆಗಾಹರ್ಟ್ಸ್. ಒಲೆಯ ಗದ್ದಲ 2450ರ ಆಚೀಚೆ ಅಲೆದಾಡುವುದರಿಂದ 6 ಮತ್ತು 11ಕ್ಕೆ ಪೆಟ್ಟು ಹೆಚ್ಚು, 1ಕ್ಕೆ ಕಡಿಮೆ. ರೂಟರಿನ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, `Wireless` ಪುಟದಲ್ಲಿ `Channel` ಎಂಬಲ್ಲಿ `Auto` ಬದಲಿಗೆ 1 ಎಂದೂ, `Channel Width` ಎಂಬಲ್ಲಿ `20 MHz` ಎಂದೂ ಇಟ್ಟೆವು. `40 MHz` ಇದ್ದರೆ ಪಟ್ಟಿಯ ಅರ್ಧವನ್ನೇ ಆಕ್ರಮಿಸಿ ಒಲೆಯ ಪಾಲಿಗೆ ಬೀಳುತ್ತದೆ. `Mode` ಎಂಬಲ್ಲಿ ತೀರಾ ಹಳೆಯ `11b` ಇಲ್ಲದ ಆಯ್ಕೆಯನ್ನು ಆರಿಸಿದರೆ ಮೇಲೆ ಹೇಳಿದ ಉದ್ದನೆಯ ಲಾರಿಗಳು ತಪ್ಪುತ್ತವೆ. ಇಷ್ಟು ಮಾಡಿ ಒಲೆ ನಡೆಸಿದಾಗ ಹನ್ನೆರಡರ ಬದಲು ಎರಡೇ ಉತ್ತರಗಳು ತಪ್ಪಿದವು.

ಇದಕ್ಕೂ ಮಿತಿಯಿದೆ. ಗಣಿಯ ಕಾಲದ ಸಾಲುಮನೆಗಳಲ್ಲಿ ಗೋಡೆಗೆ ಗೋಡೆ ಸೇರಿರುತ್ತದೆ. ನೆರೆಹೊರೆಯವರೆಲ್ಲ ಚಾನೆಲ್ 1ರಲ್ಲಿಯೇ ಇದ್ದರೆ, ದಿನಕ್ಕೆ ಹತ್ತು ನಿಮಿಷ ಉರಿಯುವ ಒಲೆಗೆ ಹೆದರಿ ದಿನವಿಡೀ ಜನಸಂದಣಿಯಲ್ಲಿ ನಿಂತಂತಾಗುತ್ತದೆ. ಯಾವ ಚಾನೆಲ್ ಎಷ್ಟು ತುಂಬಿದೆಯೆಂದು ತೋರಿಸುವ ಉಚಿತ ತಂತ್ರಾಂಶಗಳು ಮೊಬೈಲಿಗೆ ದೊರೆಯುತ್ತವೆ, ನೋಡಿ ನಿರ್ಧರಿಸಬೇಕು.

ಎರಡನೆಯ ಉಪಾಯ ಸ್ಥಳ ಬದಲಾವಣೆ. ಸುಮಾರು 15 ಮೀಟರ್ ತಂತಿ ತಂದು ರೂಟರನ್ನು ನಡುಮನೆಯ ಗೂಡಿಗೆ, ಎದೆಯೆತ್ತರಕ್ಕೆ ಸಾಗಿಸಿದೆವು. ಒಲೆಗೂ ಅದಕ್ಕೂ ನಡುವೆ ದಪ್ಪ ಗೋಡೆ ಬಂದಿತು; ಸೊಸೆಯ ಕೋಣೆಗೆ ಅದು ಸಮೀಪವೂ ಆಯಿತು. ಈ ಬಾರಿ ಒಲೆ ನಡೆಯುತ್ತಿರುವಾಗಲೂ ಅರವತ್ತಕ್ಕೆ ಅರವತ್ತು ಉತ್ತರಗಳು. ಎಲ್ಲ ಉಪಾಯಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಮೂರನೆಯದು ಹೊಸ ಪಟ್ಟಿ. ಇಂದಿನ ಬಹುಪಾಲು ರೂಟರುಗಳು 5 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಕೆಲಸ ಮಾಡುತ್ತವೆ. ನಮ್ಮ ದೇಶದಲ್ಲಿ 2018ರಲ್ಲಿ ಈ ಪಟ್ಟಿಯ ಹೆಚ್ಚಿನ ಭಾಗಕ್ಕೆ ಪರವಾನಗಿಯ ವಿನಾಯಿತಿ ದೊರೆಯಿತು. ಒಲೆಯ ಗದ್ದಲ ಅಲ್ಲಿ ಬಾಧಿಸುವುದಿಲ್ಲ. ಅಣ್ಣನವರ ಮನೆಯ ರೂಟರಿನಲ್ಲೂ ಅದಿತ್ತು. ಆದರೆ ಎರಡು ಪಟ್ಟಿಗಳಿಗೂ ಒಂದೇ ಹೆಸರಿದ್ದುದರಿಂದ ಗಣಕಯಂತ್ರವು ದೂರಕ್ಕೆ ಚೆನ್ನಾಗಿ ಕೇಳಿಸುವ ಹಳೆಯ ಪಟ್ಟಿಯನ್ನೇ ಹಿಡಿಯುತ್ತಿತ್ತು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಕಚೇರಿಯ ಕೆಲಸವನ್ನು ಹೊಸದಕ್ಕೆ ಸೇರಿಸಿದೆವು. ಹಳೆಯದನ್ನು ಆರಿಸಿಬಿಡಬಾರದು; ಅಗ್ಗದ ಕ್ಯಾಮೆರಾಗಳು, ಹಳೆಯ ಮೊಬೈಲುಗಳು ಅದನ್ನು ಬಿಟ್ಟು ಬೇರೆಯದನ್ನು ಅರಿಯವು. ನಮ್ಮ ಕಡೆಯ ಕಲ್ಲುಗೋಡೆಗಳನ್ನು ದಾಟುವಾಗ 5 ಗಿಗಾಹರ್ಟ್ಸ್ ಬೇಗನೆ ಸೋಲುತ್ತದೆ ಎಂಬುದೂ ನೆನಪಿರಲಿ. ಅಂಥಲ್ಲಿ, ಒಂದೆಡೆ ಕದಲದೆ ಇರುವ ಗಣಕಯಂತ್ರಕ್ಕೂ ಟಿವಿಗೂ ತಂತಿಯನ್ನೇ ಎಳೆಯುವುದು ಲೇಸು.

ಬಂಗಾರಪೇಟೆಯ ದೂರವಾಣಿ

ಬಂಗಾರಪೇಟೆಯ ನಮ್ಮ ಸ್ವಂತ ಮನೆಯಲ್ಲಿ ಒಲೆಯಿಲ್ಲ. ಆದರೂ ಸಂಜೆ ಏಳರ ಸುಮಾರಿಗೆ ಮೊಮ್ಮಗನ ಪಾಠ ನಿಲ್ಲುತ್ತಿತ್ತು. ಅಣ್ಣನ ಮನೆಯಿಂದ ಬಂದಮೇಲೆ ಗಡಿಯಾರ ಹಿಡಿದು ಕುಳಿತೆ. ನನ್ನ ತಾಯಿಯವರು ಕಾರ್ಡ್‌ಲೆಸ್ ದೂರವಾಣಿಯನ್ನೆತ್ತಿ ತಂಗಿಯೊಡನೆ ಮಾತನಾಡುವ ಹೊತ್ತು ಅದೇ ಆಗಿತ್ತು. ದೂರವಾಣಿಯ ಪೀಠವನ್ನು ತಿರುಗಿಸಿ ನೋಡಿದರೆ `2.4GHz` ಎಂದು ಬರೆದಿತ್ತು. ಪೀಠವೂ ರೂಟರೂ ಒಂದೇ ಮಣೆಯ ಮೇಲಿದ್ದವು.

ಇಂಥ ದೂರವಾಣಿಯ ಸ್ವಭಾವ ಒಲೆಯದಕ್ಕಿಂತ ಬೇರೆ. ಅದು ಕ್ಷಣಕ್ಕೊಂದು ಆವೃತ್ತಿಗೆ ಜಿಗಿಯುತ್ತ ಇಡೀ ಪಟ್ಟಿಯನ್ನು ಸುತ್ತುತ್ತದೆ. ಆದುದರಿಂದ ಚಾನೆಲ್ ಬದಲಾಯಿಸಿ ಪ್ರಯೋಜನವಿಲ್ಲ. ಪೀಠವನ್ನು ಐದಾರು ಮೀಟರ್ ದೂರ, ಬೇರೆ ಕೋಣೆಗೆ ಸರಿಸಿದೆ. ಅಷ್ಟರಿಂದಲೇ ಪಾಠ ಸಾಗಿತು. ಬ್ಲೂಟೂತ್ ಕೂಡ ಜಿಗಿಯುವ ಜಾತಿಯದೇ. ಆದರೆ ಸುಮಾರು 2003ರಿಂದೀಚಿನ ಮಾದರಿಗಳು ಜನಸಂದಣಿಯ ಚಾನೆಲ್‌ಗಳನ್ನು ತಾವೇ ಬಿಟ್ಟು ಜಿಗಿಯುವುದರಿಂದ ತೊಂದರೆ ಕಡಿಮೆ. ಹಗಲಿರುಳೂ ಒಂದೇ ಸಮನೆ ಚಿತ್ರ ಬಿತ್ತರಿಸುವ ಹಳೆಯ ತಂತಿರಹಿತ ಕ್ಯಾಮೆರಾ ಮಾತ್ರ ಮೋಸಗಾರ. ಅದಕ್ಕೆ ಬರುವ ಹೊತ್ತು ಹೋಗುವ ಹೊತ್ತು ಇಲ್ಲ. ಆರಿಸಿ ನೋಡಿದಾಗಲೇ ಗುಟ್ಟು ಬಯಲಾಗುತ್ತದೆ.

ಕಡೆಯದಾಗಿ ಅಣ್ಣನವರ ಮನೆಯ ಮಾತು. ಕಾರಣ ತಿಳಿದಾಗ ಅತ್ತಿಗೆಯವರ ಮುಖ ಬಾಡಿತು. “ಮಗುವಿಗೆ ಹಾಲು ಕಾಯಿಸಿ ನಾನೇ ಅವಳ ಕೆಲಸಕ್ಕೆ ಕುತ್ತು ತಂದೆನೇ?” ಎಂದರು. ಸೊಸೆ ಅವರ ಕೈ ಹಿಡಿದು, “ನಿಮ್ಮಿಂದಲ್ಲ ಅತ್ತೆ, ರೂಟರನ್ನು ಅಲ್ಲಿಡಿಸಿದವಳು ನಾನೇ” ಎಂದರು. ಈಗ ಒಂಬತ್ತು ಗಂಟೆಯ ಸಭೆ ಒಂದು ಕೋಣೆಯಲ್ಲಿ ನಡೆಯುತ್ತಿರುವಾಗಲೇ ಮಗುವಿನ ಹಾಲು ಇನ್ನೊಂದರಲ್ಲಿ ಬಿಸಿಯಾಗುತ್ತದೆ.